ಅರ್ಧ ಪಾರ್ಸಿ ಅಂದರೆ ಯಾರು?

ಸುಜಾನ್ ಬ್ರಿಯೆರ್ ಫ್ರಾನ್ಸಿನವರು. ರತನ್‌ಜಿ ದಾದಾಭಾಯಿ ಟಾಟಾ ಅವರನ್ನು ಮದುವೆಯಾಗಿ, 1903ರಲ್ಲಿ ಮುಂಬೈಯಲ್ಲಿ ನವಜೋತ್ ಮಾಡಿಸಿಕೊಂಡರು. ಬಿಳಿಯ ಒಳಅಂಗಿ ತೊಟ್ಟು ಸೊಂಟಕ್ಕೆ ಉಣ್ಣೆಯ ದಾರ ಕಟ್ಟಿಕೊಂಡು ಜರತುಷ್ಟ್ರನ ಧರ್ಮಕ್ಕೆ ಸೇರುವ ದೀಕ್ಷೆ ಅದು. ಹಾಗಾದರೆ ಅವರು ಅಗ್ನಿ ದೇವಾಲಯದೊಳಗೆ ಹೋಗಬಹುದೇ? ಸತ್ತ ಮೇಲೆ ಅವರ ದೇಹವನ್ನು ಮೌನಗೋಪುರದಲ್ಲಿ ಇಡಬಹುದೇ? ಜಗಳ ಬಾಂಬೆ ಹೈಕೋರ್ಟಿಗೆ ಹೋಯಿತು.

1908ರಲ್ಲಿ ನ್ಯಾಯಮೂರ್ತಿಗಳಾದ ದಾವರ್ ಮತ್ತು ಬೀಮನ್ ತೀರ್ಪು ಕೊಟ್ಟರು. ಜರತುಷ್ಟ್ರ ಧರ್ಮದಲ್ಲಿ ಮತಾಂತರಕ್ಕೆ ಅವಕಾಶ ಇದೆ ಎಂದು ದಾವರ್ ಒಪ್ಪಿದರು. ಅವರು ಸ್ವತಃ ಪಾರ್ಸಿ. ಆದರೆ ಈ ದೇವಾಲಯಗಳೂ ಗೋಪುರಗಳೂ ದಾನಿಗಳು 'ಪಾರ್ಸಿ'ಗಳಿಗಾಗಿ ಬಿಟ್ಟ ದತ್ತಿಗಳು. ಪಾರ್ಸಿ ಎಂಬುದು ಧರ್ಮದ ಹೆಸರಲ್ಲ, ಕುಲದ ಹೆಸರು. ಹಾಗಾಗಿ ಧರ್ಮ ಸೇರಿದವರೆಲ್ಲ ಪಾರ್ಸಿಗಳಾಗುವುದಿಲ್ಲ. ಪರ್ಷಿಯಾದಿಂದ ವಲಸೆ ಬಂದವರ ಸಂತತಿ, ಇರಾನಿನಿಂದ ಬಂದ ಜರತುಷ್ಟ್ರರು, ಇವರ ಜೊತೆಗೆ ಪಾರ್ಸಿ ತಂದೆಗೆ ಹೊರಗಿನ ಹೆಂಡತಿಯಲ್ಲಿ ಹುಟ್ಟಿ ವಿಧಿವತ್ತಾಗಿ ದೀಕ್ಷೆ ಪಡೆದ ಮಕ್ಕಳು, ಇಷ್ಟು ಜನ ಮಾತ್ರ ಪಾರ್ಸಿಗಳು.

ಈ ತೀರ್ಪನ್ನು ಮೊದಲ ಸಲ ಓದಿದಾಗ ಧರ್ಮ ಮತ್ತು ಕುಲದ ಗಂಟನ್ನು ಎಷ್ಟು ಚೆನ್ನಾಗಿ ಬಿಡಿಸಿದ್ದಾರೆ ಅನ್ನಿಸಿತ್ತು. ಆಮೇಲೆ ಮೂರನೇ ಗುಂಪಿನ ಹತ್ತಿರ ನಿಂತೆ. ಸುಜಾನ್‌ರ ಮಗ ಜೆ.ಆರ್.ಡಿ. ಟಾಟಾ ಹುಟ್ಟಿದ್ದು 1904ರಲ್ಲಿ. ಈ ವ್ಯಾಖ್ಯೆಯಂತೆ ತಾಯಿ ಹೊರಗೆ, ಮಗ ಒಳಗೆ. ಮುಂದೆ ರಂಗೂನಿನಲ್ಲಿ ಬೆಲ್ಲಾ ಎಂಬ ಹುಡುಗಿಯ ಪ್ರಕರಣ ಬಂತು. ಅವಳ ತಾಯಿ ಪಾರ್ಸಿ, ತಂದೆ ಅಲ್ಲ. ಪಾರ್ಸಿ ಮನೆಯಲ್ಲೇ ಬೆಳೆದಳು, ನವಜೋತ್ ಕೂಡ ಆಯಿತು. ಅಗ್ನಿ ದೇವಾಲಯಕ್ಕೆ ಹೋಗುವುದು ಅವಳ ಹಕ್ಕಲ್ಲ ಎಂದು 1925ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು.

ಇಬ್ಬರಲ್ಲೂ ಪಾರ್ಸಿ ರಕ್ತ ಅರ್ಧವೇ. ಹಾಗಿದ್ದಮೇಲೆ ಇಲ್ಲಿ ಕಾಯುತ್ತಿರುವುದು ರಕ್ತವನ್ನಲ್ಲ. ಆಸ್ತಿ ಮತ್ತು ಹೆಸರು ತಂದೆಯಿಂದ ಮಗನಿಗೆ ಹೋಗುವ ಪದ್ಧತಿಯೊಂದು ಕುಲ ಎಂಬ ವೇಷ ಹಾಕಿಕೊಂಡಿದೆ, ಅಷ್ಟೇ.

ಸಮುದಾಯದ ಭಯವನ್ನು ನಾನು ಹಗುರ ಮಾಡುತ್ತಿಲ್ಲ. 2001ರ ಜನಗಣತಿಯಲ್ಲಿ ಭಾರತದ ಪಾರ್ಸಿಗಳು 69,601, 2011ರಲ್ಲಿ 57,264. ಇಷ್ಟು ಚಿಕ್ಕ ಗುಂಪು ಬಾಗಿಲು ಪೂರ್ತಿ ತೆರೆದಿಟ್ಟರೆ ನಾವೇ ಕಳೆದುಹೋಗುತ್ತೇವೆ ಎಂದು ಅಂಜುವುದು ಸಹಜ. ಆದರೆ ಬೆಲ್ಲಾಳಂಥವಳನ್ನು ಹೊರಗಿಟ್ಟರೆ ಆ ಸಂಖ್ಯೆ ಹೆಚ್ಚುವುದು ಹೇಗೆ?

ಹಿಂದೂ ಒಬ್ಬರನ್ನು ಮದುವೆಯಾದ ಗುಲ್‌ರುಖ್ ಗುಪ್ತಾ ಅವರಿಗೆ 2012ರಲ್ಲಿ ಗುಜರಾತ್ ಹೈಕೋರ್ಟ್, ಮದುವೆಯಾದ ಮೇಲೆ ನಿಮ್ಮದು ಗಂಡನ ಧರ್ಮ ಎಂದಿತು. ಅವರು ಮತಾಂತರವಾಗಿರಲಿಲ್ಲ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿದ್ದರು. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ನಡೆಯುತ್ತಿದ್ದಾಗ, 2017ರ ಡಿಸೆಂಬರಿನಲ್ಲಿ, ವಲ್ಸಾಡಿನ ಪಾರ್ಸಿ ಅಂಜುಮನ್ ಟ್ರಸ್ಟ್ ಒಂದು ಮಾತಿಗೆ ಒಪ್ಪಿತು: ಅಪ್ಪ ಅಮ್ಮ ತೀರಿಕೊಂಡರೆ ಅವರ ಅಂತ್ಯಕ್ರಿಯೆಯ ಪ್ರಾರ್ಥನೆಗೆ ಮಗಳು ಬರಬಹುದು.