ಕುಲಶುದ್ಧಿಯೂ ಕುಲರಕ್ಷಣೆಯೂ

ಅಳಿಯುತ್ತಿರುವ ಒಂದು ಮೃಗಕುಲವನ್ನು ಉಳಿಸುವುದಕ್ಕಾಗಿ ಅದರೊಳಗೆ ಹೊರಗಿನ ರಕ್ತವನ್ನು ಬೆರೆಸಬಹುದೆ? ಬೆರೆಸಿದ ಮೇಲೆ ಉಳಿದದ್ದು ಅದೇ ಕುಲವೋ, ಬೇರೊಂದೋ? ಈ ಪ್ರಶ್ನೆ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ನಿಜವಾಗಿಯೇ ಎದ್ದಿತು. ಅದಕ್ಕೆ ಕಾರ್ಯರೂಪದ ಉತ್ತರವನ್ನೂ ಕೊಡಬೇಕಾಯಿತು.

ಅಲ್ಲಿಯ ದಕ್ಷಿಣ ಭಾಗದ ಜೌಗುಕಾಡುಗಳಲ್ಲಿ ಫ್ಲಾರಿಡಾ ಪ್ಯಾಂಥರ್ ಎಂಬ ಪ್ರಾಣಿಯುಂಟು. ಇದು ನಮ್ಮ ಚಿರತೆಯಲ್ಲ. ಪ್ಯೂಮಾ ಜಾತಿಗೆ ಸೇರಿದ, ಮೈಮೇಲೆ ಚುಕ್ಕೆಯಿಲ್ಲದ ಕಂದುಬಣ್ಣದ ಮೃಗ. ಹಿಂದೆ ಇದರ ಸಂತತಿ ಪಶ್ಚಿಮದ ಟೆಕ್ಸಾಸಿನ ಪ್ಯೂಮಾಗಳವರೆಗೆ ಎಡೆಬಿಡದೆ ಹಬ್ಬಿದ್ದು, ಪರಸ್ಪರ ಕೂಡುತ್ತಿದ್ದಿತು. ಬೇಟೆಯೂ ಬೇಸಾಯವೂ ನಡುವಣ ಮೃಗಗಳನ್ನೆಲ್ಲ ಅಳಿಸಿದುವು. 1990ರ ದಶಕದ ಆರಂಭಕ್ಕೆ ಫ್ಲಾರಿಡಾದಲ್ಲಿ ಉಳಿದಿದ್ದವು ಸುಮಾರು ಇಪ್ಪತ್ತರಿಂದ ಮೂವತ್ತು ಮಾತ್ರ.

ಇಪ್ಪತ್ತು ತಲೆಗಳಿವೆಯೆಂದ ಮಾತ್ರಕ್ಕೆ ಇಪ್ಪತ್ತರ ಬಲವಿದೆಯೆಂದು ತಿಳಿಯಲಾಗದು. 1931ರಲ್ಲಿ ಸೀವಲ್ ರೈಟ್ ಎಂಬ ವಿಜ್ಞಾನಿಯು ಇದನ್ನು ಗಣಿತದಿಂದ ತೋರಿಸಿದನು. ಮುಂದಿನ ತಲೆಮಾರಿಗೆ ನಿಜವಾಗಿ ಸಲ್ಲುವ ಬಲವನ್ನು ನಾವು ‘ಫಲಕಾರಿ ಸಂಖ್ಯೆ’ ಎಂದು ಕರೆಯಬಹುದು. ಮರಿಹಾಕುವ ಹೆಣ್ಣುಗಳು ಹದಿನೆಂಟು, ಅವನ್ನು ಕೂಡುವ ಗಂಡುಗಳು ಎರಡೇ ಎಂದಿಟ್ಟುಕೊಳ್ಳೋಣ. ಗಂಡುಹೆಣ್ಣುಗಳ ಸಂಖ್ಯೆಗಳನ್ನು ಗುಣಿಸಿ, ನಾಲ್ಕರಿಂದ ಗುಣಿಸಿ, ಅವುಗಳ ಮೊತ್ತದಿಂದ ಭಾಗಿಸಿದರೆ ದೊರೆಯುವುದು ಏಳಕ್ಕೆ ತುಸು ಹೆಚ್ಚು. ಏಕೆಂದರೆ ಮರಿಗಳೆಲ್ಲವೂ ತಮ್ಮ ಅರ್ಧ ಪಾಲನ್ನು ಆ ಎರಡೇ ಗಂಡುಗಳಿಂದ ಪಡೆಯಬೇಕು. ಹತ್ತು ಗಂಡು, ಹತ್ತು ಹೆಣ್ಣು ಇದ್ದಿದ್ದರೆ ಅದೇ ಲೆಕ್ಕ ಇಪ್ಪತ್ತನ್ನು ಕೊಡುತ್ತಿದ್ದಿತು.

ಈ ಸಂಖ್ಯೆ ಕುಗ್ಗಿದರೆ ಆಗುವ ನಷ್ಟವೇನು? ಪ್ರತಿ ಪ್ರಾಣಿಯಲ್ಲಿಯೂ ಪ್ರತಿ ವಂಶವಾಹಿಗೆ ಎರಡು ಪ್ರತಿಗಳಿದ್ದು, ಮರಿಗೆ ಅವುಗಳಲ್ಲಿ ಯಾವುದಾದರೊಂದು ಆಕಸ್ಮಿಕವಾಗಿ ಸಲ್ಲುತ್ತದೆ. ತಂದೆತಾಯಿಗಳು ಕೆಲವೇ ಆದಾಗ ಎಷ್ಟೋ ಪ್ರತಿಗಳು ಯಾರಿಗೂ ಸಲ್ಲದೆ ಶಾಶ್ವತವಾಗಿ ಕಳೆದುಹೋಗುತ್ತವೆ. ಫಲಕಾರಿ ಸಂಖ್ಯೆ ಏಳಾದರೆ ತಲೆಮಾರಿಗೆ ಹದಿನಾಲ್ಕರಲ್ಲೊಂದು ಪಾಲು ವೈವಿಧ್ಯ ನಷ್ಟ; ಹತ್ತು ತಲೆಮಾರುಗಳಲ್ಲಿ ಸುಮಾರು ಅರ್ಧ. ಅಲ್ಲದೆ, ಬಂಧುಗಳೇ ಕೂಡುವುದರಿಂದ ಒಂದೇ ಪೂರ್ವಜನ ಕೆಟ್ಟ ಪ್ರತಿಯು ಎರಡು ಕಡೆಯಿಂದಲೂ ಮರಿಗೆ ಬರುತ್ತದೆ. ಒಳ್ಳೆಯ ಪ್ರತಿಯ ಮರೆಯಲ್ಲಿ ಅಡಗಿದ್ದ ದೋಷವು ಆಗ ಹೊರಬೀಳುತ್ತದೆ.

ಫ್ಲಾರಿಡಾದಲ್ಲಿ ಹೀಗೆಯೇ ಆಯಿತು. ಅನೇಕ ಗಂಡುಗಳ ವೃಷಣಗಳು ಸ್ವಸ್ಥಾನಕ್ಕೆ ಇಳಿಯಲಿಲ್ಲ. ರೇತಸ್ಸಿನ ಬಹುಭಾಗ ವಿಕೃತವಾಗಿದ್ದಿತು. ಕೆಲವುಗಳ ಹೃದಯದ ಗೋಡೆಯಲ್ಲಿ ರಂಧ್ರವಿದ್ದಿತು. ಬಾಲದ ತುದಿ ಸೊಟ್ಟಗಾಗಿದ್ದಿತು, ಬೆನ್ನಿನ ಮೇಲೆ ರೋಮದ ಸುಳಿಯಿದ್ದಿತು. ವಿಚಾರಾರ್ಹವಾದ ಸಂಗತಿಯೆಂದರೆ, ಈ ಸೊಟ್ಟ ಬಾಲವನ್ನೂ ಸುಳಿಯನ್ನೂ ಜನರು ಬಹುಕಾಲ ಆ ಕುಲದ ಲಕ್ಷಣಗಳೆಂದೇ ಎಣಿಸಿದ್ದರು. ದಾರಿದ್ರ್ಯದ ಗುರುತೇ ಮನೆತನದ ಮುದ್ರೆಯಾಗಿದ್ದಿತು!

1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಹೊರಗಿನ ಅಂಶವು ಸ್ಥಳೀಯ ಅಂಶವನ್ನು ಮುಳುಗಿಸಬಾರದೆಂದು ಅದನ್ನು ಸುಮಾರು ಐದರಲ್ಲೊಂದು ಪಾಲಿಗೆ ಮಿತಗೊಳಿಸುವ ಉದ್ದೇಶವಿದ್ದಿತು. ಎಂಟರಲ್ಲಿ ಐದು ಮರಿಹಾಕಿದುವು. ಉಳಿದಿದ್ದ ಟೆಕ್ಸಾಸಿನ ಹೆಣ್ಣುಗಳನ್ನು 2003ರ ಹೊತ್ತಿಗೆ ಕಾಡಿನಿಂದ ಹಿಂದೆಗೆದರು. ಬೆರಕೆಯ ಮರಿಗಳಲ್ಲಿ ಸೊಟ್ಟ ಬಾಲವೂ ಇತರ ದೋಷಗಳೂ ವಿರಳವಾದುವು, ಬದುಕುವ ಶಕ್ತಿ ಹೆಚ್ಚಿತು. 2017ರಲ್ಲಿ ಪ್ರಕಟವಾದ ಅಂದಾಜಿನಂತೆ ಬೆಳೆದ ಮೃಗಗಳ ಸಂಖ್ಯೆ 120ರಿಂದ 230.

ಇನ್ನು ಧರ್ಮದ ಪ್ರಶ್ನೆ. ಶುದ್ಧಿಯನ್ನೇ ಕಾಯಬೇಕೆಂಬವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಸಾವಿರಾರು ವರ್ಷಗಳಿಂದ ದ್ವೀಪಗಳಲ್ಲಿ ಬೇರೆಯಾಗಿ ಬೆಳೆದು ಆಯಾ ನೆಲಕ್ಕೆ ಒಗ್ಗಿದ ಸಂತತಿಗಳನ್ನು ಅವಿಚಾರವಾಗಿ ಬೆರೆಸಿದರೆ, ಆ ಹೊಂದಿಕೆಯೇ ಕೆಡಬಹುದು. ಆದುದರಿಂದ ಮೊದಲು ಕೇಳಬೇಕಾದುದು, ಬಾಗಿಲನ್ನು ಮುಚ್ಚಿದವರು ಯಾರು, ಎಂದು ಮುಚ್ಚಿದರು ಎಂಬುದು. ಫ್ಲಾರಿಡಾದಲ್ಲಿ ಅದನ್ನು ಮುಚ್ಚಿದವನು ಮನುಷ್ಯ, ಮುಚ್ಚಿದುದೂ ಇತ್ತೀಚೆಗೆ. ಅಲ್ಲಿ ‘ಶುದ್ಧಿ’ ಎನಿಸಿಕೊಂಡದ್ದು ಪ್ರಕೃತಿಯ ಸಂಕಲ್ಪವಲ್ಲ, ನಮ್ಮ ಬಂದೂಕಿನ ಫಲ. ಅದನ್ನು ಪೂಜಿಸುತ್ತ ಕುಲವನ್ನು ಸಾಯಗೊಡುವುದು ವಿನಯದಂತೆ ಕಂಡರೂ, ವಾಸ್ತವವಾಗಿ ಮೊದಲಿನ ಅಪರಾಧವನ್ನೇ ಪೂರ್ತಿಗೊಳಿಸುವುದಾಗುತ್ತದೆ.

ಆದರೆ ಎಂಟು ಹೆಣ್ಣುಗಳಿಂದ ಋಣ ತೀರಿತೆಂದು ಭಾವಿಸಲಾಗದು. ಟೆಕ್ಸಾಸಿಗೆ ಹೋಗುವ ದಾರಿ ಇಂದಿಗೂ ಮುಚ್ಚಿಯೇ ಇದೆ. ಹೆದ್ದಾರಿಗಳಲ್ಲಿ ವಾಹನಕ್ಕೆ ಸಿಕ್ಕಿ ಸಾಯುವ ಮೃಗಗಳೂ ಅನೇಕ. ಹೊಸ ರಕ್ತವು ವೈವಿಧ್ಯವನ್ನು ತಂದಿತೇ ಹೊರತು, ಅದು ಸೋರಿಹೋಗುವ ಬಿರುಕನ್ನು ಮುಚ್ಚಲಿಲ್ಲ. ಪಾತ್ರೆಯನ್ನು ಮತ್ತೆ ಮತ್ತೆ ತುಂಬುತ್ತಿರಬೇಕು, ಇಲ್ಲವೆ ಕಾಡಿನಿಂದ ಕಾಡಿಗೆ ದಾರಿಯನ್ನು ಬಿಟ್ಟುಕೊಡಬೇಕು. ಮೊದಲನೆಯದು ಸುಲಭ, ಎರಡನೆಯದಕ್ಕೆ ಮನುಷ್ಯನು ತನ್ನ ನೆಲದಲ್ಲಿ ಪಾಲು ಕೊಡಬೇಕಾಗುತ್ತದೆ.