ಐದರಲ್ಲಿ ನಾಲ್ಕು ಎಂದರೆ ಎಷ್ಟು?

ಮುಂಗಾರು ಬಿತ್ತನೆ ಹತ್ತಿರ ಬಂದಂತೆ ನಮ್ಮ ಬೈಲಹೊಂಗಲ, ಸವದತ್ತಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಚಿತ್ರ ಓಡಾಡತೊಡಗುತ್ತದೆ. ಎಡಗಡೆ ಸೋಯಾಬೀನ್ ತಳಿಗಳ ಹೆಸರು. ಮೇಲೆ ಇಳುವರಿ, ಅವಧಿ, ತುಕ್ಕು ರೋಗ, ಕಾಯಿ ಸಿಡಿಯುವುದು ಎಂಬ ತಲೆಬರಹಗಳು. ನಡುವಿನ ಮನೆಗಳಲ್ಲಿ ಅಂಕಿಗಳಿಲ್ಲ. ಕೆಲವು ಕಡೆ ಸ್ಟಾರ್, ಕೆಲವು ಕಡೆ ತುಂಬಿದ ಮತ್ತು ಖಾಲಿ ವೃತ್ತಗಳು. ಯಾರೋ ಕರಪತ್ರದ ಫೋಟೋ ತೆಗೆದಿರುತ್ತಾರೆ, ಅದು ಇಪ್ಪತ್ತು ಕೈ ದಾಟಿ ಬಂದಿರುತ್ತದೆ. ರೈತರ ಗುಂಪೊಂದರ ಲೆಕ್ಕ ಬರೆಯುವ ನನಗೆ ಇಂಥ ಪಟ್ಟಿಗಳನ್ನು ಎಕ್ಸೆಲ್ ಹಾಳೆಗೆ ಇಳಿಸಿ, ಯಾವ ಬೀಜ ತರಿಸಬೇಕೆಂದು ಸಭೆಯ ಮುಂದೆ ಇಡುವ ಕೆಲಸ. ಎಕ್ಸೆಲ್‌ಗೆ ವೃತ್ತ ತಿಳಿಯದು, ಅದಕ್ಕೆ ಅಂಕಿ ಬೇಕು. ಆದ್ದರಿಂದ ಎಣಿಸಬೇಕು. ಎಣಿಸುವುದೇನು ಕಷ್ಟ?

ತುಕ್ಕು ರೋಗದ ಕಾಲಂ ನೋಡಿ. ಅದರಲ್ಲಿ ಎರಡು ಸಾಲು ಹೀಗಿವೆ ಎಂದುಕೊಳ್ಳಿ:

ಜೆಎಸ್ 335: ●●●●○
ಡಿಎಸ್‌ಬಿ 21: ●○○○○

“ಅಣ್ಣಾರ, ಐದರಾಗ ನಾಕು ತುಂಬ್ಯಾವ. ಚಲೋನ ಐತಲ್ರಿ ಇದು?” ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ತುಂಬಿದ್ದು ಹೆಚ್ಚಾದರೆ ಒಳ್ಳೆಯದು ಎಂಬ ರೂಢಿ ನಮ್ಮ ಕಣ್ಣಿಗೆ ಅಂಟಿಕೊಂಡಿದೆ. ಆದರೆ ತಲೆಬರಹದಲ್ಲಿ ಬರೆದಿರುವುದು ‘ತುಕ್ಕು ರೋಗ’ ಎಂದಷ್ಟೇ. ನಾಲ್ಕು ವೃತ್ತ ಎಂದರೆ ರೋಗವನ್ನು ತಡೆಯುವ ಶಕ್ತಿ ನಾಲ್ಕೋ, ರೋಗ ಬೀಳುವ ಪ್ರಮಾಣ ನಾಲ್ಕೋ? ಚಿತ್ರದ ಕೆಳಗೆ ಚಿಹ್ನೆಗಳ ವಿವರಣೆ ಇದ್ದರೆ ಮಾತು ಮುಗಿಯಿತು. ಆದರೆ ಫೋಟೋ ತೆಗೆದವರು ಮೊದಲು ಕತ್ತರಿಸುವುದೇ ಆ ಕೆಳಗಿನ ಸಣ್ಣಕ್ಷರದ ಸಾಲನ್ನು.

ವಿವರಣೆ ಸಿಗದಾಗ ನಾನು ಹಿಡಿಯುವ ದಾರಿ ಒಂದೇ: ಪಟ್ಟಿಯಲ್ಲಿ ನಮಗೆ ಮೊದಲೇ ಚೆನ್ನಾಗಿ ಗೊತ್ತಿರುವ ಒಂದು ಸಾಲನ್ನು ಹುಡುಕುವುದು. ಜೆಎಸ್ 335 ಜಬಲ್ಪುರದ ಕೃಷಿ ವಿಶ್ವವಿದ್ಯಾಲಯದ ತಳಿ. ವರ್ಷಗಟ್ಟಲೆ ಈ ಭಾಗದಲ್ಲಿ ಬೆಳೆದಿದ್ದೇವೆ. ಇಳುವರಿಗೆ ಹೆಸರಾದರೂ ತುಕ್ಕಿಗೆ ಸುಲಭವಾಗಿ ತುತ್ತಾಗುತ್ತದೆ. ಡಿಎಸ್‌ಬಿ 21 ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ತಳಿ, ತುಕ್ಕನ್ನು ತಡೆಯುತ್ತದೆ ಎಂಬುದೇ ಅದರ ಹೆಗ್ಗಳಿಕೆ. ನಮ್ಮದೇ ಜಿಲ್ಲೆಯ ಉಗಾರ ಖುರ್ದ ತುಕ್ಕು ಜೋರಾಗಿ ಬರುವ ಜಾಗವಾದ್ದರಿಂದ ತಳಿಗಳನ್ನು ಅಲ್ಲಿ ಬೆಳೆಸಿಯೇ ಪರೀಕ್ಷಿಸುತ್ತಾರೆ. ಇಷ್ಟು ತಿಳಿದ ಮೇಲೆ ಚಿತ್ರವೇ ಉತ್ತರ ಹೇಳುತ್ತದೆ. ತುಕ್ಕು ಹಿಡಿಯುವ ತಳಿಗೆ ನಾಲ್ಕು ತುಂಬಿವೆ, ತಡೆಯುವ ತಳಿಗೆ ಒಂದೇ ತುಂಬಿದೆ. ಅಂದರೆ ಈ ಕಾಲಂನಲ್ಲಿ ತುಂಬಿದ್ದು ರೋಗ. ಗೊತ್ತಿಲ್ಲದ ಉಳಿದ ಹೊಸ ತಳಿಗಳನ್ನೂ ಇನ್ನು ಹಾಗೆಯೇ ಓದಬಹುದು. ಗೊತ್ತಿರುವ ಎರಡು ಸಾಲುಗಳು ಒಂದಕ್ಕೊಂದು ವಿರುದ್ಧ ಸಾಕ್ಷಿ ಹೇಳಿದರೆ ಆ ಪಟ್ಟಿ ಮಾಡಿದವನೇ ಗೊಂದಲದಲ್ಲಿದ್ದಾನೆ ಎಂದರ್ಥ. ಅಂಥ ಕಾಲಂ ಬಿಟ್ಟುಬಿಡುವುದೇ ಲೇಸು.

ದಿಕ್ಕು ಗೊತ್ತಾಯಿತು, ತಿರುಗಿಸಿ ಬರೆಯೋಣ ಎಂದರೆ ಇನ್ನೊಂದು ತೊಡಕು. ಐದರಿಂದ ಕಳೆದರೆ ಜೆಎಸ್ 335ಕ್ಕೆ 1, ಡಿಎಸ್‌ಬಿ 21ಕ್ಕೆ 4. ಆರರಿಂದ ಕಳೆದರೆ 2 ಮತ್ತು 5. ಯಾವುದು ಸರಿ? ಅದು ಅಳತೆಯ ತಳ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಒಂದೂ ತುಂಬದ ಸಾಲು ಸಾಧ್ಯವಿದ್ದರೆ ಅಳತೆ ಸೊನ್ನೆಯಿಂದ ಐದು. ಕನಿಷ್ಠ ಒಂದಾದರೂ ತುಂಬಿರಲೇಬೇಕಿದ್ದರೆ ಒಂದರಿಂದ ಐದು. ಇದು ಹುಸಿ ವಾದವಲ್ಲ. ಮೂರು ವೃತ್ತ ಮೊದಲನೆಯದರಲ್ಲಿ ನೂರಕ್ಕೆ ಅರವತ್ತು, ಎರಡನೆಯದರಲ್ಲಿ ನಟ್ಟನಡುವೆ, ನೂರಕ್ಕೆ ಐವತ್ತು. ನಾನಂತೂ ಕಂಡದ್ದನ್ನು ಕಂಡಂತೆ ಒಂದು ಕಾಲಂನಲ್ಲಿ ಬರೆದು, ‘ಹೆಚ್ಚಾದರೆ ರೋಗ ಹೆಚ್ಚು’ ಎಂದು ಪಕ್ಕದಲ್ಲೇ ಟಿಪ್ಪಣಿ ಹಾಕುತ್ತೇನೆ. ತಿರುಗಿಸಿದ ಅಂಕಿ ಬೇಕಾದರೆ ಬೇರೆ ಕಾಲಂನಲ್ಲಿ ಇರಲಿ. ಮೂಲ ಅಳಿಸಿಹೋದರೆ ಮುಂದೆ ಯಾರಿಗೂ ಅದನ್ನು ಪರೀಕ್ಷಿಸಲಾಗದು.

ಖಾಲಿ ವೃತ್ತ ಯಾವಾಗಲೂ ಸೊನ್ನೆ ಎನ್ನುವುದೂ ನಿಜವಲ್ಲ. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ದಶಕಗಳ ಕಾಲ ವಸ್ತುಗಳನ್ನು ವೃತ್ತಗಳಲ್ಲೇ ಹೋಲಿಸಿ ತೋರಿಸಿತು. ಅಲ್ಲಿ ಮನೆಗೊಂದೇ ವೃತ್ತ. ಪೂರ್ತಿ ಕೆಂಪಾದರೆ ಅತ್ಯುತ್ತಮ, ಅರ್ಧ ಕೆಂಪಾದರೆ ಅದರ ಕೆಳಗಿನದು, ಅರ್ಧ ಕಪ್ಪಾದರೆ ಸಾಧಾರಣಕ್ಕಿಂತ ಕಡಿಮೆ, ಪೂರ್ತಿ ಕಪ್ಪಾದರೆ ತೀರ ಕಳಪೆ. ಖಾಲಿ ವೃತ್ತ? ಅದು ಸರಿಯಾಗಿ ನಡುವೆ, ಐದರಲ್ಲಿ ಮೂರು. ಬಣ್ಣದಲ್ಲಿ ನೋಡಿದವರಿಗೆ ಅದು ಅಭ್ಯಾಸವಾಗಿತ್ತು. ಅದೇ ಪುಟವನ್ನು ಕಪ್ಪು–ಬಿಳಿ ಝೆರಾಕ್ಸ್ ಮಾಡಿಸಿದರೆ ಅತ್ಯುತ್ತಮವೂ ಕಳಪೆಯೂ ಒಂದೇ ಕಪ್ಪು ಉಂಡೆ. 2016ರಲ್ಲಿ ಪತ್ರಿಕೆ ಆ ವೃತ್ತಗಳನ್ನು ಬಿಟ್ಟು ಹಸಿರಿನಿಂದ ಕೆಂಪಿನವರೆಗಿನ ಬಣ್ಣದ ಗುರುತುಗಳಿಗೆ ಬಂತು. ಬಜಾರದ ಝೆರಾಕ್ಸ್ ಅಂಗಡಿಯಿಂದ ಬಂದ ಯಾವ ಪಟ್ಟಿಯನ್ನು ಕಂಡರೂ ನಾನು ಮೊದಲು ಕೇಳುವುದು, “ಇದರ ಬಣ್ಣದ ಪ್ರತಿ ಐತೇನ್ರಿ?”

ಹಾಗೆಯೇ ಮನೆಯೇ ಖಾಲಿ ಇದ್ದರೆ, ಅಡ್ಡಗೆರೆ ಇದ್ದರೆ, ಅದು ಸೊನ್ನೆಯಲ್ಲ. ಪರೀಕ್ಷೆ ಮಾಡಿಲ್ಲ ಎಂದು. ಅಲ್ಲಿ 0 ಎಂದು ಒತ್ತಿದರೆ ಪರೀಕ್ಷೆಯಾಗದ ತಳಿ ರೋಗವೇ ಇಲ್ಲದ ತಳಿಯಾಗಿ ಪಟ್ಟಿಯ ತುದಿಗೆ ಏರಿ ಕೂತುಬಿಡುತ್ತದೆ.

ಇನ್ನು ಸ್ಟಾರ್‌ಗಳು. ಆನ್‌ಲೈನ್‌ನಲ್ಲಿ ಸ್ಪ್ರೇಯರ್ ಹುಡುಕುವವರು ಕಳಿಸುವ ಸ್ಕ್ರೀನ್‌ಶಾಟ್‌ಗಳಲ್ಲಿ ಕೊನೆಯ ಸ್ಟಾರ್ ಸ್ವಲ್ಪವೇ ತುಂಬಿರುತ್ತದೆ. ಅದನ್ನು ಅರ್ಧವೆನ್ನೋಣವೇ, ಕಾಲೆನ್ನೋಣವೇ? ಇದಕ್ಕೆ ಕಣ್ಣಂದಾಜು ಸಾಲದು. ಸ್ಟಾರ್‌ನ ಮೈಯೆಲ್ಲ ನಡುವೆ ತುಂಬಿಕೊಂಡಿದ್ದು ಅಂಚುಗಳು ಚೂಪು. ಅಗಲದಲ್ಲಿ ಶೇಕಡಾ 30 ತುಂಬಿದರೂ ಕಣ್ಣಿಗೆ ಅದಕ್ಕಿಂತ ಕಡಿಮೆಯೇ ಕಾಣುತ್ತದೆ. ಜೊತೆಗೆ, ಕೆಲವರು ಐದು ಸ್ಟಾರ್‌ಗಳ ಇಡೀ ಪಟ್ಟಿಯನ್ನೇ ಶೇಕಡಾವಾರು ಅಗಲಕ್ಕೆ ಕತ್ತರಿಸಿ ಬಣ್ಣ ತುಂಬುತ್ತಾರೆ. ಪ್ರತಿ ಸ್ಟಾರ್ 20 ಪಿಕ್ಸೆಲ್, ನಡುವಿನ ಸಂದು 5 ಪಿಕ್ಸೆಲ್ ಎಂದುಕೊಳ್ಳಿ. ಒಟ್ಟು ಅಗಲ 120. ನಿಜವಾದ ಅಂಕ 4.3 ಆಗಿದ್ದರೆ ಅದು 86 ಪ್ರತಿಶತ, ಬಣ್ಣ 103.2ರ ತನಕ ಬರುತ್ತದೆ. ಐದನೆಯ ಸ್ಟಾರ್ ಶುರುವಾಗುವುದು 100ರಲ್ಲಿ. ಹೀಗಾಗಿ ಅದರೊಳಗೆ ಬೀಳುವ ಬಣ್ಣ 3.2 ಪಿಕ್ಸೆಲ್ ಮಾತ್ರ, ಅದರ ಅಗಲದ ಶೇಕಡಾ 16. ಕೊನೆಯ ಸ್ಟಾರ್ ಒಂದನ್ನೇ ನೋಡಿ ಓದಿದವರು 4.16 ಎಂದು ಬರೆಯುತ್ತಾರೆ, ಇಡೀ ಪಟ್ಟಿ ಅಳೆದವರಿಗೆ 4.3 ಸಿಗುತ್ತದೆ. ಯಾವ ಬಗೆಯ ಚಿತ್ರವೆಂದು ತಿಳಿಯಲು ಪಕ್ಕದಲ್ಲಿ ಅಂಕಿಯೂ ಅಚ್ಚಾಗಿರುವ ಒಂದು ಸಾಲು ಸಿಕ್ಕರೆ ಸಾಕು. ಎಲ್ಲ ಸಾಲುಗಳೂ ಪೂರ್ತಿ ಅಥವಾ ಸರಿಯಾಗಿ ಅರ್ಧದಲ್ಲೇ ನಿಂತಿದ್ದರೆ, ಅಂಕವನ್ನು ಅವರೇ ಅರ್ಧಕ್ಕೆ ಸರಿಹೊಂದಿಸಿದ್ದಾರೆ, ಆಗ 4.5 ಎಂದರೆ 4.25ರಿಂದ 4.75ರ ಒಳಗೆ ಎಲ್ಲೋ ಒಂದು ಕಡೆ.

ಇಷ್ಟೆಲ್ಲ ಸರಿಯಾಗಿ ಓದಿದ ಮೇಲೂ ನನ್ನನ್ನು ಕಾಡುವ ಮಾತು ಬೇರೆ. ಚಿಹ್ನೆ ಅಂಕಿಯಾದ ಕೂಡಲೇ ನಮ್ಮ ಕೈ ಅದನ್ನು ಕೂಡಿಸಲು, ಸರಾಸರಿ ತೆಗೆಯಲು ಹೊರಡುತ್ತದೆ. ವೃತ್ತಗಳಿಗೆ ಆ ಗುಣ ಇತ್ತೇ?

ತುಕ್ಕು ರೋಗವನ್ನು ಹೊಲದಲ್ಲಿ ಅಳೆಯುವ ಒಂದು ಪರಿಚಿತ ಪದ್ಧತಿಯಲ್ಲಿ ಎಲೆಗೆ 0ರಿಂದ 9ರ ದರ್ಜೆ ಕೊಡುತ್ತಾರೆ. ಕಲೆಯೇ ಇಲ್ಲದಿದ್ದರೆ 0. ಎಲೆಯ ಶೇಕಡಾ 1ರೊಳಗೆ ಕಲೆಯಿದ್ದರೆ ದರ್ಜೆ 1. ಶೇಕಡಾ 10ರ ತನಕ 3. 11ರಿಂದ 25ಕ್ಕೆ 5. 26ರಿಂದ 50ಕ್ಕೆ 7. ಅದನ್ನೂ ಮೀರಿದರೆ 9. ಸೊನ್ನೆ ಬಿಟ್ಟರೆ ಐದು ದರ್ಜೆ. ಕರಪತ್ರ ಮಾಡುವವನು ಅವನ್ನು ಐದು ವೃತ್ತಗಳಾಗಿ ಬದಲಿಸಿದ್ದಾನೆ ಎಂದುಕೊಂಡರೆ, ಎರಡು ವೃತ್ತದ ಎಲೆಯಲ್ಲಿ ಸುಮಾರು ಶೇಕಡಾ 5 ಕಲೆ, ನಾಲ್ಕು ವೃತ್ತದ ಎಲೆಯಲ್ಲಿ ಸುಮಾರು 38. ಎರಡರ ಎರಡುಪಟ್ಟು ನಾಲ್ಕು ಎನ್ನುವ ನಮ್ಮ ಮಗ್ಗಿ ಇಲ್ಲಿ ನಡೆಯುವುದಿಲ್ಲ. ರೋಗ ಏಳು ಪಟ್ಟಿಗೂ ಮಿಗಿಲು. ಒಂದೇ ತಳಿಗೆ ಒಂದು ಹೊಲದಲ್ಲಿ ಒಂದು ವೃತ್ತ, ಇನ್ನೊಂದರಲ್ಲಿ ಐದು ಬಂದರೆ ಸರಾಸರಿ ಮೂರು ಎಂದು ಬರೆಯುತ್ತೇವೆ. ಎರಡನೆಯ ಹೊಲದಲ್ಲಿ ಎಲೆಯ ಶೇಕಡಾ 70 ಹೋಗಿದ್ದರೆ ನಿಜವಾದ ಸರಾಸರಿ ಶೇಕಡಾ 35ರ ಸುಮಾರು. ಅದು ನಾಲ್ಕನೆಯ ವೃತ್ತದ ಮನೆ. ವೃತ್ತಗಳು ಹೇಳುವುದು ಇದಕ್ಕಿಂತ ಅದು ಹೆಚ್ಚು ಎಂದಷ್ಟೇ. ಎಷ್ಟು ಹೆಚ್ಚು ಎಂದು ಅವು ಹೇಳಿಯೇ ಇಲ್ಲ, ನಾವೇ ಅವುಗಳ ಬಾಯಿಗೆ ಮಾತು ತುರುಕುತ್ತೇವೆ.

ಸರ್ಕಾರಿ ಮುದ್ರೆ ಇರುವ ಸ್ಟಾರ್‌ಗಳೂ ಹೀಗೆಯೇ. ಎಸಿಯ ಮೇಲಿನ ವಿದ್ಯುತ್ ಉಳಿತಾಯದ ಲೇಬಲ್‌ನಲ್ಲಿ ಸ್ಟಾರ್‌ಗಳ ಜೊತೆಗೆ ಒಂದು ದಕ್ಷತೆಯ ಅಂಕಿ ಇರುತ್ತದೆ. ಸ್ಪ್ಲಿಟ್ ಎಸಿಯಲ್ಲಿ 2022ರ ಜುಲೈಗೆ ಮುಂಚಿನ ನಿಯಮದಂತೆ ಅದು 4.5 ಮುಟ್ಟಿದರೆ ಐದು ಸ್ಟಾರ್. ಆ ಜುಲೈನಿಂದ ಐದಕ್ಕೆ 5.0 ಬೇಕಾಯಿತು, 4.5ರ ಎಸಿ ನಾಲ್ಕಕ್ಕೆ ಇಳಿಯಿತು. ಯಂತ್ರ ಬದಲಾಗಲಿಲ್ಲ, ಬದಲಾದದ್ದು ಗೆರೆ. ಹಳೆಯ ಪಟ್ಟಿಯ ಐದನ್ನೂ ಹೊಸ ಪಟ್ಟಿಯ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಕೂರಿಸಿದವರು ಒಂದೇ ವಸ್ತುವಿಗೆ ಎರಡು ಬೆಲೆ ಕಟ್ಟಿದಂತಾಯಿತು. ಆದ್ದರಿಂದ ಸ್ಟಾರ್ ಬರೆದರೆ ಲೇಬಲ್‌ನ ಅವಧಿಯನ್ನೂ ಬರೆಯಬೇಕು. ದಕ್ಷತೆಯ ಅಂಕಿ ಓದಲು ಸಿಕ್ಕರಂತೂ ಸ್ಟಾರ್‌ನ ಗೊಡವೆಯೇ ಬೇಡ.

ಸೋಯಾ ಪಟ್ಟಿ ಸಭೆಗೆ ಹೋದಾಗ ಯಾವಾಗಲೂ ಬರುವ ಪ್ರಶ್ನೆ ಒಂದಿದೆ: “ಒಟ್ಟು ಮಾರ್ಕ್ಸ್ ಎಷ್ಟು ಬಂತ್ರಿ?” ಇಳುವರಿಯ ನಾಲ್ಕು ಸ್ಟಾರ್, ತುಕ್ಕಿನ ನಾಲ್ಕು ವೃತ್ತ, ಕಾಯಿ ಸಿಡಿಯುವುದಕ್ಕೆ ಎರಡು, ಎಲ್ಲ ಕೂಡಿ ಹತ್ತು ಎಂದು ಹೇಳುವುದು ಸುಲಭ. ಆದರೆ ತುಕ್ಕು ಬರಲು ಎಲೆ ಬಹಳ ಹೊತ್ತು ತೇವವಾಗಿರಬೇಕು, ಹವೆ ತಂಪಾಗಿರಬೇಕು. ಮಲೆನಾಡಿನ ಸೆರಗಿಗೆ ಹತ್ತಿರವಿರುವ ಕಿತ್ತೂರಿನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಅದಕ್ಕೆ ಬೇಕಾದ್ದೆಲ್ಲ ಸಿಗುತ್ತದೆ. ರಾಮದುರ್ಗದ ಒಣ ಹವೆಯಲ್ಲಿ ಅಷ್ಟು ಸಿಗುವುದಿಲ್ಲ. ಅಲ್ಲಿನ ರೈತರ ಚಿಂತೆ ಮಳೆ ಕೈಕೊಡುವ ಮೊದಲು ಕಾಯಿ ಬಲಿಯುತ್ತದೋ ಇಲ್ಲವೋ ಎಂಬುದು. ಆದ್ದರಿಂದ ನನ್ನ ಹಾಳೆಯಲ್ಲಿ ಒಟ್ಟು ಎಂಬ ಕಾಲಂ ಇಟ್ಟಿಲ್ಲ. ಕಿತ್ತೂರಿನವರಿಗೆ ಕೊಡುವ ಪ್ರತಿಯನ್ನು ತುಕ್ಕಿನ ಕಾಲಂ ಪ್ರಕಾರ ಜೋಡಿಸುತ್ತೇನೆ, ರಾಮದುರ್ಗದವರದನ್ನು ಅವಧಿಯ ದಿನಗಳ ಪ್ರಕಾರ. ಎರಡರಲ್ಲೂ ಮೊದಲ ಸಾಲಿನ ತಳಿ ಬೇರೆ ಬೇರೆ ಬಂದರೆ ಜಗಳ ಆಗುತ್ತದೆ. ಆಗಲಿ, ಆಗಲೇ ಸಭೆಯವರು ವೃತ್ತ ಬಿಟ್ಟು ತಮ್ಮ ತಮ್ಮ ಹೊಲದ ಮಾತು ಶುರುಮಾಡುವುದು.