ಅಜ್ಜಿಯ ಕಾಲದ ನೂರು

ಶಾಲೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೆ ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಬರೆದಂತೆ. ಐಕ್ಯೂ ಪರೀಕ್ಷೆಯ 100 ಹಾಗಲ್ಲ. ನಿಮ್ಮ ವಯಸ್ಸಿನವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನೀವು ನಟ್ಟನಡುವೆ ನಿಲ್ಲುತ್ತೀರಿ ಎಂಬುದಷ್ಟೇ ಅದರ ಅರ್ಥ. ಪರೀಕ್ಷೆ ತಯಾರಿಸುವವರು ಮೊದಲು ಒಂದು ದೊಡ್ಡ ಮಾದರಿ ಗುಂಪಿಗೆ ಅದನ್ನು ಕೊಡುತ್ತಾರೆ. ಆ ಗುಂಪಿನ ಸರಾಸರಿಗೆ 100 ಎಂದು ಹೆಸರಿಟ್ಟು, ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ಒಳಗೆ ಬರುವಂತೆ ಉಳಿದ ಅಂಕಗಳನ್ನು ಹಂಚುತ್ತಾರೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಪರೀಕ್ಷೆ ಪರಿಷ್ಕರಣೆಯಾಗುತ್ತದೆ, ಹೊಸ ಗುಂಪು ಬರುತ್ತದೆ, ಹೊಸ ಗುಂಪಿನ ನಡುವಿಗೂ ಮತ್ತೆ 100 ಎಂದೇ ಹೆಸರು. ಹೀಗಾಗಿ ಪ್ರತಿ ತಲೆಮಾರಿನ ಸರಾಸರಿಯೂ ಅದೇ 100. ತಲೆಮಾರುಗಳ ನಡುವೆ ಏನಾದರೂ ಬದಲಾಗಿದ್ದರೆ ಅದು ಈ ಏರ್ಪಾಟಿನೊಳಗೇ ಮುಚ್ಚಿಹೋಗುತ್ತದೆ.

ಮುಚ್ಚಿದ್ದನ್ನು ತೆಗೆದು ನೋಡಿದವರಲ್ಲಿ ಹೆಸರು ಉಳಿದದ್ದು ಜೇಮ್ಸ್ ಫ್ಲಿನ್ ಅವರದು. ಅವರು ಮನೋವಿಜ್ಞಾನಿಯಲ್ಲ. ಅಮೆರಿಕದಲ್ಲಿ ಹುಟ್ಟಿ, ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಮತ್ತು ನೀತಿಶಾಸ್ತ್ರ ಕಲಿಸುತ್ತಿದ್ದವರು. ಕರಿಯರು ಮತ್ತು ಬಿಳಿಯರ ನಡುವಿನ ಸುಮಾರು 15 ಅಂಕಗಳ ಅಂತರಕ್ಕೆ ಬಹುಮಟ್ಟಿಗೆ ವಂಶವಾಹಿಯೇ ಕಾರಣವಿರಬಹುದು ಎಂದು ವಾದಿಸುತ್ತಿದ್ದ ಆರ್ಥರ್ ಜೆನ್ಸನ್‌ಗೆ ಉತ್ತರ ಕೊಡುವ ಹಟದಲ್ಲಿ ಫ್ಲಿನ್ ಅಂಕಿಗಳ ಒಳಹೊಕ್ಕರು. ಅಲ್ಲಿ ಅವರಿಗೆ ಸಿಕ್ಕ ವಿಚಿತ್ರ ಸರಳವಾಗಿತ್ತು. ಹೊಸ ಪರೀಕ್ಷೆ ಬಂದಾಗ ಅದು ಹಳೆಯದರ ಜೊತೆ ಹೊಂದುತ್ತದೆಯೇ ಎಂದು ನೋಡಲು ಕೆಲವರಿಗೆ ಎರಡನ್ನೂ ಕೊಡುವುದು ವಾಡಿಕೆ. ಅಂಥ ಕಡೆಯಲ್ಲೆಲ್ಲ, ಅದೇ ಜನ, ಹಳೆಯ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿದ್ದರು. ಮಕ್ಕಳ ವೆಕ್ಸ್ಲರ್ ಪರೀಕ್ಷೆಯ 1972ರ ಮಾದರಿಯಲ್ಲಿ 100ರ ಆಸುಪಾಸು ಬಂದವರಿಗೆ 1947-48ರ ಮಾದರಿಯಲ್ಲಿ ಏಳೆಂಟು ಅಂಕ ಜಾಸ್ತಿ. ಹಳೆಯ ಪರೀಕ್ಷೆ ಸುಲಭವಾಗಿತ್ತು ಎಂದಲ್ಲ, ಹಳೆಯ ಸಾಲು ಹಿಂದೆ ನಿಂತಿತ್ತು. ಇಂಥ ಜೋಡಿ ಫಲಿತಾಂಶಗಳನ್ನು ಕೂಡಿಹಾಕಿ 1984ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, 1932ರಿಂದ 1978ರವರೆಗೆ ಅಮೆರಿಕದ ಸರಾಸರಿ ಸುಮಾರು 14 ಅಂಕ ಏರಿತ್ತು. ವರ್ಷಕ್ಕೆ 0.3ರಂತೆ. ಮೂರು ವರ್ಷದ ನಂತರ ಹದಿನಾಲ್ಕು ದೇಶಗಳ ಲೆಕ್ಕ ಬಂತು. ನೆದರ್ಲೆಂಡ್ಸಿನಲ್ಲಿ ಸೇನೆಗೆ ಬಂದ ಹುಡುಗರು 1952ರಿಂದ 1982ರೊಳಗೆ ರೇವನ್ ಮಾದರಿಯ ಚಿತ್ರಸಾಲಿನ ಪರೀಕ್ಷೆಯಲ್ಲಿ 20 ಅಂಕದಷ್ಟು ಮುಂದೆ ಹೋಗಿದ್ದರು.

ಜೆನ್ಸನ್‌ಗೆ ಬೇಕಿದ್ದ ಉತ್ತರದ ಒಂದು ತುಂಡು ಇದರಲ್ಲೇ ಇತ್ತು. ಒಂದೇ ಜನಾಂಗ ಅರ್ಧ ಶತಮಾನದೊಳಗೆ, ವಂಶವಾಹಿ ಬದಲಾಗಲು ಸಮಯವೇ ಇಲ್ಲದೆ, 14 ಅಂಕ ಏರಬಲ್ಲದು ಎಂದಾದರೆ, ಎರಡು ಗುಂಪುಗಳ ನಡುವೆ 15 ಅಂಕದ ಅಂತರ ಕಂಡ ಮಾತ್ರಕ್ಕೆ ವಂಶವಾಹಿಯನ್ನು ಕರೆತರಬೇಕಿಲ್ಲ. ಆದರೆ ಅದೇ ಅಂಕಿ ಫ್ಲಿನ್ ಅವರ ಕೈಯಲ್ಲೇ ಇನ್ನೊಂದು ಪ್ರಶ್ನೆಯಾಗಿ ಎದ್ದಿತು, ನನ್ನ ಆಸಕ್ತಿ ಇರುವುದು ಅಲ್ಲಿ. ಏರಿಕೆಯನ್ನು ಹಿಂದಕ್ಕೆ ಎಳೆಯುತ್ತ ಹೋಗಿ: 1900ರ ಸುಮಾರಿನ ಒಬ್ಬ ಸಾಮಾನ್ಯ ಅಮೆರಿಕನ್ನನಿಗೆ ಇಂದಿನ ಸಾಲಿನಲ್ಲಿ 70 ಅಥವಾ ಅದಕ್ಕೂ ಕಡಿಮೆ ಬರುತ್ತದೆ. 70 ಎಂದರೆ ಇಂದು ಬೌದ್ಧಿಕ ಅಂಗವೈಕಲ್ಯದ ಗೆರೆ. ರೈಲು ಓಡಿಸಿದ, ಸೇತುವೆ ಕಟ್ಟಿದ, ಬೀದಿಯಲ್ಲಿ ರಾಜಕೀಯ ಜಗಳವಾಡಿದ ಜನರಲ್ಲಿ ಅರ್ಧದಷ್ಟು ಮಂದಿ ಆ ಗೆರೆಯ ಆಸುಪಾಸು ಇದ್ದರೆ? ಬೇಸ್‌ಬಾಲ್ ಆಟದ ನಿಯಮವೂ ಅವರಿಗೆ ಅರ್ಥವಾಗಬಾರದಿತ್ತಲ್ಲ ಎಂದು ಫ್ಲಿನ್ ಕೇಳಿದರು. ಲೆಕ್ಕ ಸರಿ, ತೀರ್ಮಾನ ಹುಚ್ಚು.

ಗಂಟು ಸಡಿಲವಾದದ್ದು ಒಟ್ಟು ಅಂಕವನ್ನು ಬಿಡಿಸಿ ನೋಡಿದಾಗ. ವೆಕ್ಸ್ಲರ್ ಪರೀಕ್ಷೆಯಲ್ಲಿ ಹಲವು ಭಾಗಗಳಿವೆ. ಪದಸಂಪತ್ತು, ಅಂಕಗಣಿತ, ಸಾಮಾನ್ಯ ತಿಳಿವಳಿಕೆ, ಇಂಥ ಶಾಲೆಯ ವಾಸನೆಯ ಭಾಗಗಳಲ್ಲೇ ಏರಿಕೆ ಹೆಚ್ಚಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದದ್ದು ತಿರುಗುಮುರುಗು. 1947ರಿಂದ 2002ರವರೆಗೆ ಅಮೆರಿಕದ ಮಕ್ಕಳು ಅವುಗಳಲ್ಲಿ ಏರಿದ್ದು ಮೂರು ಅಂಕದಷ್ಟು. 'ಸಾಮ್ಯ' ಎಂಬ ಭಾಗದಲ್ಲಿ ಮಾತ್ರ 24. ಆ ಭಾಗದಲ್ಲಿ ಕೇಳುವುದು ಇಷ್ಟೇ: ಇದಕ್ಕೂ ಅದಕ್ಕೂ ಏನು ಸಾಮ್ಯ? ಫ್ಲಿನ್ ಕೊಡುತ್ತಿದ್ದ ಉದಾಹರಣೆ ನಾಯಿ ಮತ್ತು ಮೊಲದ್ದು. ಎರಡೂ ಸಸ್ತನಿಗಳು ಅಂದರೆ ಪೂರ್ತಿ ಅಂಕ. ನಾಯಿ ಬಿಟ್ಟು ಮೊಲ ಹಿಡಿಸುತ್ತಾರೆ ಅಂದರೆ ಅಂಕವಿಲ್ಲ.

ಇಂಥದ್ದೇ ಪ್ರಶ್ನೆಯನ್ನು ಹಾವೇರಿ ಕಡೆಯ ನಮ್ಮ ಅಜ್ಜಿಗೆ ಒಮ್ಮೆ ಕೇಳಿದ್ದೆ, ಎಮ್ಮೆಗೂ ಕೋಳಿಗೂ ಏನು ಸಾಮ್ಯ ಅಂತ. "ಎರಡೂ ಮುಂಜಾನೆ ಬಾಗಲಾ ತಗಿಯೂತನಕ ಒದರತಾವ" ಅಂದಳು. ಎರಡೂ ಪ್ರಾಣಿ ಅಲ್ಲವೇನಜ್ಜಿ ಎಂದರೆ, "ಪ್ರಾಣಿ ಅಲ್ದ ಮತ್ತೇನು? ಅದನ್ನೇನ ಹೇಳೂದೈತಿ ತಮ್ಮಾ" ಎಂದು ನನ್ನ ಮುಖ ನೋಡಿದಳು. ವರ್ಗ ಅವಳಿಗೆ ಗೊತ್ತಿತ್ತು. ಹೇಳಲು ಯೋಗ್ಯವಾದ ಉತ್ತರ ಅದೆಂದು ಅನಿಸಿರಲಿಲ್ಲ, ಅಷ್ಟೇ. ಅವಳ ಬದುಕಿನಲ್ಲಿ ಎಮ್ಮೆಯನ್ನು ಪ್ರಾಣಿ ಎಂದು ಗುರುತಿಸಿದ್ದಕ್ಕೆ ಯಾರೂ ಏನೂ ಕೊಟ್ಟವರಲ್ಲ. ಬೆಳಿಗ್ಗೆ ಅದು ಯಾಕೆ ಒದರುತ್ತಿದೆ ಎಂದು ತಿಳಿದದ್ದಕ್ಕೆ ಹಾಲು ಸಿಗುತ್ತಿತ್ತು.

ರಷ್ಯಾದ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ 1930ರ ದಶಕದ ಆರಂಭದಲ್ಲಿ ಉಜ್ಬೆಕಿಸ್ತಾನದ ಅನಕ್ಷರಸ್ಥ ರೈತರ ಜೊತೆ ನಡೆಸಿದ ಮಾತುಕತೆಯನ್ನು ಫ್ಲಿನ್ ಮತ್ತೆ ಮತ್ತೆ ನೆನೆಯುತ್ತಿದ್ದರು. ಹಿಮವಿರುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ಇರುವುದು ದೂರದ ಉತ್ತರದಲ್ಲಿ. ಅಲ್ಲಿನ ಕರಡಿಯ ಬಣ್ಣವೇನು? ನಾನು ಕಂಡದ್ದು ಕರಿಯ ಕರಡಿ, ಬೇರೆಯದು ಕಂಡಿಲ್ಲ, ಅಲ್ಲಿಗೆ ಹೋಗಿ ಬಂದವರನ್ನು ಕೇಳಿ ಎಂಬ ಧಾಟಿಯ ಉತ್ತರ ಬರುತ್ತಿತ್ತು. ಇದನ್ನು ತರ್ಕ ಬಾರದ ಉತ್ತರ ಎಂದು ಓದುವವರಿದ್ದಾರೆ. ನನಗೆ ಅದು ಒಬ್ಬ ಒಳ್ಳೆಯ ಸಾಕ್ಷಿಯ ಉತ್ತರದಂತೆ ಕೇಳುತ್ತದೆ: ಕಾಣದ್ದನ್ನು ಹೇಳುವುದಿಲ್ಲ. ರೈತ ನಿರಾಕರಿಸಿದ್ದು ತರ್ಕವನ್ನಲ್ಲ. 'ಹೀಗೆ ಅಂದುಕೊಳ್ಳಿ' ಎಂಬ ಆಟಕ್ಕೆ ಅವನು ಬರಲೊಲ್ಲ ಎಂದ. ನಮ್ಮನ್ನು ಆರು ವರ್ಷಕ್ಕೇ ಆ ಆಟಕ್ಕೆ ಕೂರಿಸುತ್ತಾರೆ. ರಾಮನ ಬಳಿ ಐದು ಮಾವಿನಹಣ್ಣಿದ್ದರೆ ಎಂದು ಗುರುಗಳು ಶುರುಮಾಡಿದಾಗ ಯಾವ ರಾಮ, ಯಾವ ತೋಟದ್ದು ಎಂದು ಕೇಳಬಾರದೆಂಬುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಫ್ಲಿನ್ ಇದನ್ನು ವಿಜ್ಞಾನದ ಕನ್ನಡಕ ಹಾಕಿಕೊಂಡದ್ದು ಎಂದು ಕರೆದರು. ಲೋಕವನ್ನು ಬಳಸುವುದರ ಬದಲು ವರ್ಗಗಳಾಗಿ ವಿಂಗಡಿಸುವುದು, ಕಾಣದ ಸಂಗತಿಯ ಮೇಲೂ ತರ್ಕ ಹರಿಸುವುದು. ಇದು ಬರೀ ಪರೀಕ್ಷೆಯ ಚಾಳಿಯಲ್ಲ ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ. 'ನೀನೇ ಆ ಜಾತಿಯಲ್ಲಿ ಹುಟ್ಟಿದ್ದರೆ?' ಎಂದು ಒಬ್ಬ ಹಿರಿಯನನ್ನು ಕೇಳಿ ನೋಡಿ. 'ಹುಟ್ಟಿಲ್ಲವಲ್ಲ' ಎಂದು ಮಾತು ಮುಗಿಸುವವನೂ ಬಿಳಿ ಕರಡಿಯ ಪ್ರಶ್ನೆಗೆ ಒಲ್ಲೆ ಎಂದವನೂ ಒಂದೇ ಬಾಗಿಲಲ್ಲಿ ನಿಂತಿದ್ದಾರೆ. ಆ ಬಾಗಿಲು ತೆರೆದದ್ದರಿಂದ ನಮಗೆ ನ್ಯಾಯದ ಕುರಿತು ಕೆಲವು ಪ್ರಶ್ನೆ ಕೇಳುವುದು ಸುಲಭವಾಗಿದೆ. ಹಾಗೆಂದು ಅಜ್ಜಿಗಿಂತ ನಾನು ಜಾಣನೆಂದು ಹೇಳಿಕೊಳ್ಳಲು ಆ 24 ಅಂಕ ಸಾಲದು. ಅದು ಅವಳು ಆಡದ ಆಟದ ಅಂಕ. ಯೆಲ್ಟೆ ವಿಖರ್ಟ್ಸ್ ಮತ್ತು ಸಂಗಡಿಗರು 2004ರಲ್ಲಿ ತಾಂತ್ರಿಕ ಭಾಷೆಯಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರದ್ದು: ಎರಡು ಕಾಲದ ಜನರ ಅಂಕಗಳ ಹಿಂದೆ ಅದೇ ಪರೀಕ್ಷೆ ಅದೇ ಗುಣವನ್ನು ಅದೇ ರೀತಿಯಲ್ಲಿ ಅಳೆಯುತ್ತಿದೆ ಎಂಬ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಳತೆಗೋಲಿನ ಹೆಸರು ಒಂದೇ, ಅಳೆಯುತ್ತಿರುವುದು ಬೇರೆಯಾಗಿದೆ.

ಈಗಿನ ಹುಡುಗರು ದಡ್ಡರಾಗುತ್ತಿದ್ದಾರೆ ಎನ್ನುವವರಿಗೂ ಇದೇ ಮಾತು ಸಲ್ಲುತ್ತದೆ. ನಾರ್ವೆಯ ಸೇನಾ ಪರೀಕ್ಷೆಗಳಲ್ಲಿ 1975ರ ನಂತರ ಹುಟ್ಟಿದವರ ಅಂಕ ಇಳಿಯತೊಡಗಿತು. ಬ್ರಾಟ್ಸ್‌ಬರ್ಗ್ ಮತ್ತು ರೋಗೆಬರ್ಗ್ 2018ರಲ್ಲಿ ಅಣ್ಣತಮ್ಮಂದಿರನ್ನೇ ಹೋಲಿಸಿ ನೋಡಿದರು. ಏರಿಕೆಯೂ ಇಳಿಕೆಯೂ ಒಂದೇ ಮನೆಯೊಳಗೆ ಕಂಡವು. ಅದೇ ತಂದೆತಾಯಿ, ನಡುವೆ ಕೆಲವೇ ವರ್ಷ. ಅಂದಮೇಲೆ ಯಾರಿಗೆ ಹೆಚ್ಚು ಮಕ್ಕಳಾದವು, ಯಾರು ಹೊರಗಿನಿಂದ ಬಂದರು ಎಂಬ ಕಥೆ ಬೇಕಿಲ್ಲ. ಸುತ್ತಲಿನ ಬದುಕಿನಲ್ಲಿ ಏನೋ ಬದಲಾಗಿದೆ.

ತಲೆಮಾರುಗಳ ಜಗಳ ಇಷ್ಟೇ ಆಗಿದ್ದರೆ ಕಟ್ಟೆಯ ಮೇಲೆ ಕೂತು ಮುಗಿಸಬಹುದಿತ್ತು. ಆದರೆ ಇದೇ ಹೋಲಿಕೆ ನ್ಯಾಯಾಲಯದಲ್ಲಿ ನಡೆದಿದೆ. 2002ರ ಅಟ್ಕಿನ್ಸ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆ ಮರಣದಂಡನೆ ಕೂಡದು ಎಂದಿತು. ಗೆರೆ ಎಲ್ಲಿ ಎಂಬುದು ರಾಜ್ಯಗಳಿಗೆ ಬಿಟ್ಟದ್ದು, ಹೆಚ್ಚಿನ ಕಡೆ 70ರ ಹತ್ತಿರ. ಕೈದಿಯೊಬ್ಬನನ್ನು ಊಹಿಸಿಕೊಳ್ಳಿ. 1996ರಲ್ಲಿ ಅವನಿಗೆ ವಯಸ್ಕರ ವೆಕ್ಸ್ಲರ್ ಪರೀಕ್ಷೆ ಕೊಟ್ಟರು, ಬಂದದ್ದು 74. ಗೆರೆಯ ಮೇಲೆ ಇದ್ದಾನೆ. ಆದರೆ ಆ ಪರೀಕ್ಷೆಯ ಮಾದರಿ ಗುಂಪು 1978ರ ಸುಮಾರಿನದು. ಹದಿನೆಂಟು ವರ್ಷ, ವರ್ಷಕ್ಕೆ 0.3, ಒಟ್ಟು 5.4 ಕಳೆದರೆ 68.6. ಅವನು ತನ್ನ ಸಮಕಾಲೀನರ ಸಾಲಿನಲ್ಲಿ ಗೆರೆಯ ಕೆಳಗಿದ್ದಾನೆ, ಹದಿನೆಂಟು ವರ್ಷ ಹಿಂದಿನವರ ಸಾಲಿನಲ್ಲಿ ಮೇಲಿದ್ದಾನೆ. ಈ ತಿದ್ದುಪಡಿಯ ಪರವಾಗಿ ಫ್ಲಿನ್ ಬರೆದರು. ಕೆಲವು ನ್ಯಾಯಾಲಯಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಸರಾಸರಿ ಜನರ ಏರಿಕೆಯನ್ನು ಒಬ್ಬನ ಅಂಕದಿಂದ ಕಳೆಯುವುದು ಸರಿಯೇ ಎಂಬ ಆಕ್ಷೇಪದಲ್ಲಿ ತಿರುಳಿದೆ. ಅವನು ಏರಿದವರ ಪೈಕಿ ಹೌದೋ ಅಲ್ಲವೋ ನಮಗೆ ತಿಳಿಯದು. ಆದರೂ ತಿದ್ದುಪಡಿ ಅವನ ಬಗ್ಗೆ ಏನನ್ನೂ ಹೇಳುತ್ತಿಲ್ಲ, ತಿದ್ದುತ್ತಿರುವುದು ಅವನ ಪಕ್ಕದಲ್ಲಿ ನಿಲ್ಲಿಸಿದ ಸಾಲನ್ನು.

ನಮ್ಮಲ್ಲಿ ಈ ಪ್ರಶ್ನೆ ಪ್ರಮಾಣಪತ್ರದ ಮೇಜಿನ ಮುಂದೆ ಬರುತ್ತದೆ, ಮತ್ತು ಅದರ ಒಂದು ಬೇರು ಧಾರವಾಡದಲ್ಲಿದೆ. ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಅದರ ವಿವರ ಪ್ರಕಟಿಸಿದರು. ಅಂದಿಗೆ ಅದು ದೊಡ್ಡ ಕೆಲಸ, ಇಂಗ್ಲಿಷಿನ ಪ್ರಶ್ನೆಗಳಿಗೆ ನಮ್ಮ ಮಕ್ಕಳನ್ನು ಬಲಿಕೊಡದೆ ಇರುವ ಪ್ರಯತ್ನ. ಬಿನೆ-ಕಾಮತ್ ಪರೀಕ್ಷೆ ಈಗಲೂ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ. ಅದರ ಲೆಕ್ಕ ಹಳೆಯ ಕ್ರಮದ್ದು: ಮಗುವಿನ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುವುದು. ಹತ್ತು ವರ್ಷದ ಹುಡುಗಿ ಏಳೂವರೆ ವರ್ಷದವರಿಗೆ ಗೊತ್ತುಮಾಡಿದ ಪ್ರಶ್ನೆಗಳವರೆಗೆ ಉತ್ತರಿಸಿದರೆ 75. ಆ ಏಳೂವರೆ ವರ್ಷದವರು ಯಾರು? ಇಂದು ಅವಳ ತರಗತಿಯಲ್ಲಿ ಕೂತವರಲ್ಲ. ಅವಳ ಮುತ್ತಜ್ಜಿಯ ವಾರಿಗೆಯವರು, ಬಹಳಷ್ಟು ಮಂದಿ ಶಾಲೆಯನ್ನೇ ಕಾಣದ ಕಾಲದವರು. ಇಂದಿನ ಮಕ್ಕಳು ಸರಾಸರಿಯಲ್ಲಿ ಮುಂದೆ ಹೋಗಿದ್ದರೆ, ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ ಉಳಿದ ಅವಳಿಗೆ ಕಾಗದದ ಮೇಲೆ ನೆರವಿನ ಅಗತ್ಯವೇ ಕಾಣದೆ ಹೋಗಬಹುದು. ಪ್ರಶ್ನೆಗಳು ಹಳತಾಗಿ, ಕೇಳಿದ ವಸ್ತುವನ್ನೇ ಮಗು ಕಂಡಿರದಿದ್ದರೆ ತಪ್ಪು ಇನ್ನೊಂದು ದಿಕ್ಕಿಗೂ ಹೋಗಬಹುದು. ಅಂಕದ ಹಾಳೆಯಲ್ಲಿ ಮಗುವಿನ ಹೆಸರು, ವಯಸ್ಸು, ಪರೀಕ್ಷೆಯ ಹೆಸರು, ಒಂದು ಸಂಖ್ಯೆ ಇರುತ್ತವೆ. ಮಾದರಿ ಗುಂಪಿನ ವರ್ಷವನ್ನು ಬರೆಯಲು ಅದರಲ್ಲಿ ಒಂದು ಸಾಲು ಇರಬೇಕು, ಮತ್ತು ತಂದೆತಾಯಿ ಆ ಸಾಲನ್ನು ತೋರಿಸಿ ಕೇಳುವಂತಿರಬೇಕು.